ಲಗ್ನಪತ್ರಿಕೆಯ ಹಿಂದೆ ಬರೆದ ರೆಫರೆನ್ಸ್ ನಂಬರು

ಐದು ಲೀಟರಿನ ಕುಕ್ಕರ್‌ಗೆ ದುಡ್ಡು ಕಟ್ಟಿದವರ ಮನೆಗೆ ಮೂರು ಲೀಟರಿನದ್ದು ಬಂದಿಳಿಯುವುದು ಹೊಸದೇನಲ್ಲ. ಕಸ್ಟಮರ್ ಕೇರ್‌ನ ಮೊದಲ ಪ್ರಶ್ನೆಯೂ ಹಳೆಯದೇ: "ಸರ್, ನೀವು ಆರ್ಡರ್ ಮಾಡಿದ್ದೇ ಮೂರು ಲೀಟರ್ ಅಲ್ವಾ?" ಅಲ್ಲಿಗೆ ಗ್ಯಾಲರಿ ತಡಕಾಟ ಶುರು. ಶುಭೋದಯದ ಗುಲಾಬಿಗಳ ರಾಶಿಯಲ್ಲಿ, ಯಾರದೋ ನಾಮಕರಣದ ಹೋಳಿಗೆಯ ಪಕ್ಕದಲ್ಲಿ, ಕೊನೆಗೂ ಒಂದು ಸ್ಕ್ರೀನ್‌ಶಾಟ್ ಸಿಗುತ್ತದೆ. ಕುಕ್ಕರ್ ಇದೆ, ಬೆಲೆ ಇದೆ. ಆರ್ಡರ್ ನಂಬರಿಲ್ಲ, ಮಾರಿದವರ ಹೆಸರಿಲ್ಲ. ಮೇಲೆ 9:42 ಎಂದಿದೆ. ಯಾವ ತಾರೀಖಿನ 9:42 ಎಂದು ಆ ಚಿತ್ರ ಬಾಯಿಬಿಡುವುದಿಲ್ಲ.

ಹಾಗಾಗಿ ಸ್ಕ್ರೀನ್‌ಶಾಟ್ ಕ್ಲಿಕ್ಕಿಸುವುದು ಎರಡು ಸಲ. ದುಡ್ಡು ಕಟ್ಟುವ ಮೊದಲು ವಸ್ತುವಿನ ಪುಟ: ಅಳತೆ, ಮಾರುವವರ ಹೆಸರು, ವಾಪಸಾತಿಯ ಗಡುವು ಮೂರೂ ಕಾಣಬೇಕು, ಏಕೆಂದರೆ ಆ ಪುಟ ನಾಳೆ ಹೀಗೇ ಇರುತ್ತದೆಂಬ ಖಾತ್ರಿಯಿಲ್ಲ. ಕಟ್ಟಿದ ಮೇಲೆ ಆರ್ಡರ್ ವಿವರದ ಪುಟ. ಇವನ್ನೂ ಮುಂದೆ ಫೋನಿನಲ್ಲಿ ಮಾತಾಡಿದ್ದರ ಟಿಪ್ಪಣಿಯನ್ನೂ ಒಂದೇ ಫೋಲ್ಡರಿಗೆ ಹಾಕಿ, ಫೈಲಿಗೆ ಅಲ್ಲೇ ಹೆಸರಿಡಿ:

```
2025-06-12_cooker_order.png
2025-06-17_cooker_call.txt
```

ವರ್ಷ ಮೊದಲು ಬಂದರೆ ಫೈಲುಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ದಿನ ಮೊದಲಿಟ್ಟರೆ ಜನವರಿ 12 ಮತ್ತು ಆಗಸ್ಟ್ 12 ಹೆಗಲ ಮೇಲೆ ಕೈಹಾಕಿಕೊಂಡು ಕೂತಿರುತ್ತವೆ.

ನಿಜವಾದ ಫಜೀತಿ ಫೋನಿನದು. ಹದಿನೈದು ನಿಮಿಷ ಸಂಗೀತ ಕೇಳಿಸಿದ ಮೇಲೆ ಆಚೆಯವರು ರೆಫರೆನ್ಸ್ ನಂಬರನ್ನು ಎಕ್ಸ್‌ಪ್ರೆಸ್ ರೈಲಿನ ವೇಗದಲ್ಲಿ ಹೇಳುತ್ತಾರೆ. ಕೈಗೆ ಸಿಕ್ಕಿದ ಲಗ್ನಪತ್ರಿಕೆಯ ಹಿಂದೆ ಗೀಚಿದ್ದಾಯಿತು. ಅದು 'ಬಿ'ಯೋ 'ಡಿ'ಯೋ ಎಂದು ಯೋಚಿಸುವಷ್ಟರಲ್ಲಿ ಪತ್ರಿಕೆ ರದ್ದಿಯವನ ಗಾಡಿ ಹತ್ತಿರುತ್ತದೆ. ನಂಬರನ್ನು ಅವರಿಗೇ ತಿರುಗಿ ಓದಿ ಹೇಳಿ, ಮಾತಾಡಿದವರ ಹೆಸರನ್ನೂ ಕೇಳಿ. ಫೋನಿಟ್ಟ ಹತ್ತು ನಿಮಿಷದೊಳಗೆ ಕಂಪನಿಗೆ ಮೇಲ್ ಹಾಕಿ: "ಇಂದು ಸಂಜೆ 4:10ಕ್ಕೆ ನಿಮ್ಮವರೊಂದಿಗೆ ಮಾತಾಡಿದೆ, ರೆಫರೆನ್ಸ್ ನಂಬರ್ ಇದು, ಏಳು ದಿನದಲ್ಲಿ ಹಣ ವಾಪಸ್ ಎಂದರು. ತಪ್ಪಿದ್ದರೆ ತಿಳಿಸಿ." ಬಾಯಿಮಾತಿಗೆ ಈಗ ತಾರೀಖು ಬಂತು. ಮುಂದಿನ ಮೇಲ್‌ಗಳೆಲ್ಲ ಇದಕ್ಕೇ ಉತ್ತರವಾಗಿ ಹೋಗಲಿ; ದಿನಕ್ಕೊಂದು ಹೊಸ ತಲೆಬರಹ ಕೊಟ್ಟರೆ ಒಂದು ಜಗಳ ಐದು ಜಗಳವಾಗುತ್ತದೆ. ಚಾಟ್ ಮಾಡಿದ್ದರೆ ಕಿಟಕಿ ಮುಚ್ಚುವ ಮುನ್ನವೇ ಸ್ಕ್ರೀನ್‌ಶಾಟ್ ತೆಗೆಯಿರಿ, ಮುಚ್ಚಿದ ಮೇಲೆ ಅದು ಸಿಗದೇ ಹೋಗಬಹುದು.

ತಾರೀಖಿಗೆ ಇಷ್ಟೊಂದು ಮರ್ಯಾದೆ ಏಕೆಂದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆನ್ನಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಆ ತಿಂಗಳು ಯಾವತ್ತು ಶುರುವಾಯಿತೆಂದು ತೋರಿಸಬೇಕಾದವರು ನೀವು. ಮುಂದೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಅಲ್ಲೂ ಒಂದು ದೂರು ಸಂಖ್ಯೆ ಕೊಡುತ್ತಾರೆ. ಅದನ್ನೂ ಅದೇ ಫೋಲ್ಡರಿಗೆ ಹಾಕಿ. ಗ್ರಾಹಕ ಆಯೋಗಕ್ಕೆ ಹೋಗಲು ಸಾಮಾನ್ಯವಾಗಿ ಎರಡು ವರ್ಷ ಅವಕಾಶವಿದೆ, ಆದ್ದರಿಂದ ಫೋನ್ ತುಂಬಿತೆಂದು ಅಳಿಸಲು ಕೂತಾಗ ಮೊದಲು ಗುಲಾಬಿಗಳು ಹೋಗಲಿ.