ಹೆಸರಿಗಷ್ಟೇ ಬಿಸಿ

ನಮ್ಮ ಅಡುಗೆಗಳಲ್ಲಿ ತನ್ನ ಉಷ್ಣಾಂಶವನ್ನು ಹೆಸರಿನಲ್ಲೇ ಘೋಷಿಸಿಕೊಂಡಿರುವುದು ಬಿಸಿಬೇಳೆ ಬಾತ್. ಆದರೆ ಕಳೆದ ತಿಂಗಳು ನೆಂಟರೊಬ್ಬರ ಮಗಳ ಆರತಕ್ಷತೆಯಲ್ಲಿ, ಬಫೆ ಮೇಜಿನ ಮೇಲಿದ್ದ ಈ ಪದಾರ್ಥದೊಳಗೆ ನಾನು ಜೇಬಿನಿಂದ ತೆಗೆದ ಕಡ್ಡಿಯಂಥ ಥರ್ಮಾಮೀಟರನ್ನು ಚುಚ್ಚಿದಾಗ, ಪಾತ್ರೆಯ ನಡುವೆ 46 ಡಿಗ್ರಿ ಸೆಲ್ಸಿಯಸ್ ಮತ್ತು ಅಂಚಿನಲ್ಲಿ 39 ಡಿಗ್ರಿ ಕಾಣಿಸಿತು. 39 ಡಿಗ್ರಿ ಇರುವ ಮನುಷ್ಯನನ್ನು ಜ್ವರವೆಂದು ಮಲಗಿಸುತ್ತೇವೆ. ಅಷ್ಟೇ ಇರುವ ಬಾತಿಗೆ ತುಪ್ಪ, ಬೂಂದಿ ಹಾಕಿ ಬಡಿಸುತ್ತೇವೆ.

ಮದುವೆ ಮನೆಗೆ ಥರ್ಮಾಮೀಟರ್ ಒಯ್ಯುವುದು ಶೋಭಿಸುವ ಕೆಲಸವಲ್ಲ ಎಂಬುದನ್ನು ನನ್ನ ಹೆಂಡತಿ ಆಗಲೇ ಸಾಕಷ್ಟು ವಿವರವಾಗಿ ತಿಳಿಸಿದ್ದಾಳೆ. ಊಟ ಚೆನ್ನಾಗಿಲ್ಲ ಎಂದರೆ ಕ್ಷಮಿಸುತ್ತಾರೆ, ಉಪ್ಪು ಜಾಸ್ತಿ ಎಂದರೆ ನಗುತ್ತಾರೆ, ಆದರೆ ಅಳೆದು ನೋಡಿದವನನ್ನು ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಒಂದಾಗಿ ದುರುಗುಟ್ಟಿ ನೋಡುತ್ತಾರೆ. ಅಡುಗೆ ಕಂಟ್ರಾಕ್ಟರರು ಮಾತ್ರ ಸಾವಧಾನವಾಗಿ, "ಸಾರ್, ಹಬೆ ಆಡ್ತಾ ಇದೆ ನೋಡಿ, ಇನ್ನೇನು ಬಿಸಿ ಬೇಕು?" ಎಂದು ಮುಚ್ಚಳ ಎತ್ತಿ ತೋರಿಸಿದರು. ಹಬೆ ಇದ್ದದ್ದು ನಿಜ. ಅದು ಬಾತಿನಿಂದ ಬರುತ್ತಿರಲಿಲ್ಲ. ಬಾತಿನ ತಟ್ಟೆಗೂ ಅದರ ಕೆಳಗಿನ ನೀರಿನ ತಟ್ಟೆಗೂ ನಡುವೆ ಇದ್ದ ಸಂದಿನಿಂದ ಬರುತ್ತಿತ್ತು.

ಈ ಚೇಫಿಂಗ್ ಡಿಶ್ ಎಂಬ ಹೊಳೆಯುವ ಸಾಧನದ ಬಗ್ಗೆ ನಮ್ಮಲ್ಲಿರುವ ಭಕ್ತಿಗೆ ಸರಿಸಮನಾದ ತಿಳಿವಳಿಕೆ ಇಲ್ಲ. ಅದರ ರಚನೆ ಸರಳವಾದದ್ದು. ಕೆಳಗೆ ಒಂದೋ ಎರಡೋ ಜೆಲ್ ಡಬ್ಬಿಗಳು ಉರಿಯುತ್ತವೆ, ಅವು ನೀರನ್ನು ಕಾಯಿಸುತ್ತವೆ, ಆ ನೀರಿನ ಹಬೆ ಮೇಲಿನ ತಟ್ಟೆಯ ತಳವನ್ನು ಬೆಚ್ಚಗಿಡುತ್ತದೆ. ಬಿಸಿಯಾಗಿ ಬಂದದ್ದನ್ನು ಬಿಸಿಯಾಗಿ ಉಳಿಸುವುದಷ್ಟೇ ಅದರ ಕೆಲಸ. ತಣ್ಣಗಾದದ್ದನ್ನು ಮತ್ತೆ ಬಿಸಿ ಮಾಡುವ ಶಕ್ತಿ ಆ ಪುಟ್ಟ ಜ್ವಾಲೆಗೆ ಇಲ್ಲ. ಬಾತಿನಂಥ ಗಟ್ಟಿ ಪದಾರ್ಥವಾದರೆ ತಳದ ಬಿಸಿ ಮೇಲಕ್ಕೆ ಏರುವುದೂ ಇಲ್ಲ, ಕೈಯಾಡಿಸದಿದ್ದರೆ ತಳದಲ್ಲಿ ಬಿಸಿಯಾಗಿದ್ದು, ಮೇಲೆ ಆರಿ, ಒಂದೇ ಪಾತ್ರೆಯೊಳಗೆ ಎರಡು ಋತುಗಳು ನೆಲೆಸುತ್ತವೆ. ಹಾಗಿದ್ದೂ ನಾವು ಕೆಳಗಿನ ನೀಲಿ ಜ್ವಾಲೆಯನ್ನು ನಂದಾದೀಪದಂತೆ ನಂಬುತ್ತೇವೆ. ದೀಪ ಉರಿಯುತ್ತಿದೆ, ಆದ್ದರಿಂದ ದೇವರು ಒಳಗಿದ್ದಾನೆ.

ಅಂದಿನ ಬಾತಿನ ಜಾತಕವನ್ನು ನಾನು ಕೇಳಿ ಕೇಳಿ ಬರೆದುಕೊಂಡಿದ್ದೇನೆ. ಕಂಟ್ರಾಕ್ಟರರ ಅಡುಗೆಮನೆಯಲ್ಲಿ ಅದು ಕೊತಕೊತ ಕುದಿದು ಸಿದ್ಧವಾದದ್ದು ಸಂಜೆ ನಾಲ್ಕೂವರೆಗೆ. ಟೆಂಪೋದಲ್ಲಿ ಕಲ್ಯಾಣ ಮಂಟಪಕ್ಕೆ ಬಂದು ಚೇಫಿಂಗ್ ಡಿಶ್‌ಗೆ ಬಿದ್ದದ್ದು ಐದೂವರೆಗೆ. ಕೆಳಗಿನ ತಟ್ಟೆಗೆ ಹುಡುಗರು ಸುರಿದದ್ದು ನಲ್ಲಿಯ ತಣ್ಣೀರು, ಆದ್ದರಿಂದ ಆರು ಗಂಟೆಗೆ ಹಚ್ಚಿದ ಜೆಲ್ ತನ್ನ ಯೌವನವನ್ನೆಲ್ಲ ಆ ನೀರನ್ನು ಕಾಯಿಸುವುದರಲ್ಲೇ ಕಳೆಯಿತು. ಆಮಂತ್ರಣದಲ್ಲಿ ಏಳು ಗಂಟೆ ಎಂದಿತ್ತು. ವಧೂವರರು ವೇದಿಕೆಗೆ ಬಂದದ್ದು ಎಂಟಕ್ಕೆ, ಏಕೆಂದರೆ ಡ್ರೋನ್ ಹಾರಿಸುವವರಿಗೆ ಬೆಳಕು ಹೊಂದಿರಲಿಲ್ಲ. ಅಷ್ಟು ಹೊತ್ತಿಗೆ ಎರಡು ತಾಸಿನ ಆಯುಸ್ಸಿನ ಜೆಲ್ ಡಬ್ಬಿ ತೀರಿಹೋಗಿತ್ತು. ಒಂದರ ಜಾಗದಲ್ಲಿ ಹೊಸದನ್ನು ಇಟ್ಟಿದ್ದರು, ಇನ್ನೊಂದರಲ್ಲಿ ಕರಿ ಹಿಡಿದ ಖಾಲಿ ಡಬ್ಬಿಯೇ ಕುಳಿತಿತ್ತು. ನನ್ನ ಕಡ್ಡಿ ಬಾತಿನೊಳಗೆ ಇಳಿದದ್ದು ಒಂಬತ್ತೂಕಾಲಿಗೆ, ಶಾಸಕರು ಬಂದು ಫೋಟೊ ತೆಗೆಸಿಕೊಂಡು ಹೋದ ಮೇಲೆ.

ಬಿಸಿ ಅಡುಗೆಯನ್ನು 60 ಡಿಗ್ರಿಗಿಂತ ಕೆಳಗೆ ಇಳಿಯಲು ಬಿಡಬಾರದು ಎಂಬುದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ಮಾತು. ಬ್ರಿಟನ್ನಿನಲ್ಲಿ ಅದು 63, ಅಮೆರಿಕದ ಮಾದರಿ ಸಂಹಿತೆಯಲ್ಲಿ 57. ದೇಶದಿಂದ ದೇಶಕ್ಕೆ ಮೂರು ಡಿಗ್ರಿ ಆಚೀಚೆ ಆದರೂ 46ನ್ನು ಒಪ್ಪಿಕೊಳ್ಳುವ ದೇಶ ನನಗೆ ಇನ್ನೂ ಸಿಕ್ಕಿಲ್ಲ, ನಮ್ಮ ಕಲ್ಯಾಣ ಮಂಟಪವನ್ನು ಸ್ವತಂತ್ರ ದೇಶವೆಂದು ಪರಿಗಣಿಸದಿದ್ದರೆ. ಆಸ್ಟ್ರೇಲಿಯಾದವರು ಗಡಿಯಾರವನ್ನೂ ಸೇರಿಸಿಕೊಂಡಿದ್ದಾರೆ: 5ರಿಂದ 60 ಡಿಗ್ರಿಯ ನಡುವೆ ಒಟ್ಟು ಎರಡು ಗಂಟೆಗಿಂತ ಕಡಿಮೆ ಇದ್ದರೆ ಫ್ರಿಜ್ಜಿಗೆ ಹಾಕಬಹುದು, ಎರಡರಿಂದ ನಾಲ್ಕು ಗಂಟೆಯಾಗಿದ್ದರೆ ಆಗಲೇ ತಿಂದು ಮುಗಿಸಬೇಕು, ನಾಲ್ಕು ದಾಟಿದರೆ ಎಸೆಯಬೇಕು. ನಮ್ಮ ಲೆಕ್ಕ ಬೇರೆ: ನಾಲ್ಕು ದಾಟಿದರೆ ಊಟಕ್ಕೆ ಕರೆಯಬಹುದು.

ಅನ್ನ ಬೇಳೆಗಳಿಗೆ ಈ 60ರ ಗೆರೆ ಏಕೆ ಮುಖ್ಯ ಎಂದರೆ, ಮಣ್ಣಿನಿಂದ ಅಕ್ಕಿಯ ಜೊತೆಗೇ ಬರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿ ಕುದಿತಕ್ಕೆ ಸಾಯದ ಬೀಜಾಣುಗಳನ್ನು ಕಟ್ಟಿಕೊಂಡಿರುತ್ತದೆ. ಅಡುಗೆ ಬಿಸಿಯಾಗಿರುವಷ್ಟು ಕಾಲ ಅವು ಸುಮ್ಮನಿರುತ್ತವೆ, ಆರತೊಡಗಿದರೆ ಮೊಳೆತು, ಹದ ಸಿಕ್ಕರೆ ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗುತ್ತವೆ. ಹಾಗೆ ನಾಲ್ಕು ತಾಸು ನಡೆದರೆ ಒಂದು 256 ಆಗುತ್ತದೆ. ಅದರ ಒಂದು ಬಗೆ ಆಹಾರದಲ್ಲೇ ಬಿಟ್ಟುಹೋಗುವ, ವಾಂತಿ ತರಿಸುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಬಾತಿನ ವಾಸನೆ ಬದಲಾಗಬೇಕಾಗಿಲ್ಲ, ರುಚಿ ಹುಳಿಯಾಗಬೇಕಾಗಿಲ್ಲ. ಆದ್ದರಿಂದ "ಹಳಸಿಲ್ಲ, ನೋಡಿ" ಎಂದು ಮೂಗಿನ ಹತ್ತಿರ ಹಿಡಿಯುವ ಪರೀಕ್ಷೆಯಲ್ಲಿ ಈ ಜೀವಿ ಪ್ರತಿ ಸಲವೂ ಪ್ರಥಮ ದರ್ಜೆಯಲ್ಲಿ ಪಾಸಾಗುತ್ತದೆ. ಆಮೇಲೆ ರಾತ್ರಿ ಎದ್ದು ಓಡಾಡಿದವರು ಐಸ್‌ಕ್ರೀಮನ್ನು, ಬೀಡಾವನ್ನು, ಕೊನೆಗೆ ಕಣ್ಣು ಬಿದ್ದಿರಬಹುದಾದ ಅತ್ತಿಗೆಯನ್ನು ಶಂಕಿಸುತ್ತಾರೆ.

ಹಿಂದೆ ಪಂಕ್ತಿಯಲ್ಲಿ ಕುಳಿತು ಉಂಡಾಗ ಈ ಪ್ರಶ್ನೆ ಇಷ್ಟು ಕಾಡುತ್ತಿರಲಿಲ್ಲ. ಒಲೆಯ ಮೇಲಿನ ಕೊಪ್ಪರಿಗೆಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಎಲೆಗೆ ನಿಮಿಷಗಳಲ್ಲಿ ಬರುತ್ತಿತ್ತು, ನಾಲಿಗೆ ಸುಟ್ಟುಕೊಂಡದ್ದೇ ನಮ್ಮ ಥರ್ಮಾಮೀಟರ್. ಈಗ ನಾವು ಕಾಯುವುದಿಲ್ಲ, ಅಡುಗೆ ನಮಗಾಗಿ ಕಾಯುತ್ತದೆ. ನನ್ನ ಹಳೆಯ ಕಚೇರಿಯ ಕ್ಯಾಂಟೀನಿನಲ್ಲಿ ಇದಕ್ಕಾಗಿ ಒಂದು ದಾಖಲೆ ಪುಸ್ತಕವನ್ನೇ ನೇತುಹಾಕಿದ್ದರು. ಒಂದು ತಿಂಗಳ 3ನೆಯ ತಾರೀಖಿನಂದು ಅದನ್ನು ತಿರುವಿ ನೋಡಿದೆ, 30ರವರೆಗೂ ಪ್ರತಿ ದಿನದ ಮುಂದೆ 65 ಎಂದು ಒಂದೇ ಪೆನ್ನಿನಲ್ಲಿ ತುಂಬಿದ್ದರು. ಮುಂಬರುವ ಸಾಂಬಾರಿನ ಉಷ್ಣಾಂಶವನ್ನು ಇಷ್ಟು ನಿಖರವಾಗಿ ನುಡಿಯುವ ಜ್ಯೋತಿಷಿಯನ್ನು ಕ್ಯಾಂಟೀನಿನಲ್ಲಿ ಕೊಳೆಯಲು ಬಿಟ್ಟದ್ದು ನಾಡಿನ ನಷ್ಟ.

ಕಂಟ್ರಾಕ್ಟರರಿಗೆ ನಾನು ಹೇಳಿದ್ದು ನಾಲ್ಕೇ ಮಾತು. ತಟ್ಟೆಗೆ ಕುದಿಯುವ ನೀರು ಹಾಕಿ. ಬಾತನ್ನು ಒಲೆಯ ಮೇಲೆ 75 ಡಿಗ್ರಿ ದಾಟಿಸಿ ಆಮೇಲೆ ಮೇಜಿಗೆ ತನ್ನಿ. ದೊಡ್ಡ ಪಾತ್ರೆ ತುಂಬಿಡುವ ಬದಲು ಸ್ವಲ್ಪ ಸ್ವಲ್ಪ ತಂದು, ಖಾಲಿಯಾದ ಪಾತ್ರೆಯನ್ನೇ ಬದಲಿಸಿ, ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ಅರ್ಧ ಗಂಟೆಗೊಮ್ಮೆ ಕೈಯಾಡಿಸಿ ನಡುವೆಯೂ ಅಂಚಿನಲ್ಲೂ ಅಳೆದು ಮತ್ತೆ ಮುಚ್ಚಳ ಹಾಕಿಡಿ. ಅವರು ಎಲ್ಲವನ್ನೂ ವಿನಯದಿಂದ ಕೇಳಿಸಿಕೊಂಡು, "ಮುಚ್ಚಳ ಹಾಕಿಟ್ರೆ ಐಟಂ ಕಾಣಲ್ಲ ಅಂತ ಪಾರ್ಟಿಯವರೇ ಬೈತಾರೆ ಸಾರ್, ನಾವೇನು ಮಾಡೋದು?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ವಿಡಿಯೊದಲ್ಲಿ ಬಾತು ಬಹಳ ಚೆನ್ನಾಗಿ ಬಂದಿದೆ ಎಂದು ಆಮೇಲೆ ತಿಳಿಯಿತು.

ಹೊರಡುವಾಗ ರಾತ್ರಿ ಹನ್ನೊಂದಾಗಿತ್ತು. ಮದುಮಗಳ ಸೋದರತ್ತೆ ನಮ್ಮನ್ನು ಬಾಗಿಲಲ್ಲಿ ತಡೆದು, ಉಳಿದ ಬಾತನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ನನ್ನ ಹೆಂಡತಿಯ ಕೈಗಿಟ್ಟು, "ಬೆಳಿಗ್ಗೆ ಒಂದ್ಸಲ ಬಿಸಿ ಮಾಡ್ಕೊಂಡ್ರಾಯ್ತು, ಎಲ್ಲಾ ಸರಿಹೋಗುತ್ತೆ" ಎಂದರು. ಕಾರಿನೊಳಗೆ, ಹೆಂಡತಿ ಸೀಟ್ ಬೆಲ್ಟ್ ಹಾಕಿಕೊಳ್ಳುವಷ್ಟರಲ್ಲಿ, ಡಬ್ಬಿಯ ಮುಚ್ಚಳ ತೆರೆದು ಕಡ್ಡಿ ಇಳಿಸಿದೆ. 36 ತೋರಿಸಿತು, ನನ್ನ ಮೈಗಿಂತ ಒಂದು ಡಿಗ್ರಿ ಕಡಿಮೆ.