ಎರಡನೇ ಸಪ್ಲೈಯರ್ ಸಿದ್ಧರಿದ್ದರು, ಸಿಲಿಂಡರ್ ಇರಲಿಲ್ಲ

ಕಾರ್ಕಳದ ಸಮೀಪದ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಖರೀದಿ ನೋಡಿಕೊಳ್ಳುವವನು ನಾನು. ಅರ್ಧ ಕಿಲೋದ ಮುದ್ರಿತ ಪೌಚ್‌ಗಳನ್ನು ಬಹಳ ವರ್ಷಗಳಿಂದ ಒಂದೇ ಕಡೆಯಿಂದ ತರಿಸುತ್ತಿದ್ದೆವು. ದರ, ಗುಣಮಟ್ಟ, ಸಮಯಪಾಲನೆ ಎಂಬ ಮೂರು ಕಾಲಂಗಳ ನಮ್ಮ ಪಟ್ಟಿಯಲ್ಲಿ ಅವರಿಗೆ ನೂರಕ್ಕೆ 92 ಅಂಕ ಕೊಟ್ಟವನೂ ನಾನೇ.

ಕಳೆದ ವರ್ಷ ಚೌತಿ ಕಳೆದು ದೀಪಾವಳಿಯ ಆರ್ಡರ್‌ಗಳು ಬರತೊಡಗಿದಾಗ ಅವರ ಪ್ರಿಂಟಿಂಗ್ ವಿಭಾಗಕ್ಕೆ ಬೆಂಕಿ ಬಿತ್ತು. ಮತ್ತೆ ಶುರುವಾಗಲು ಆರು ವಾರ ಬೇಕೆಂದರು. ನಮ್ಮ ಗೋದಾಮಿನಲ್ಲಿದ್ದ ಪೌಚ್ 12 ದಿನಕ್ಕೆ ಸಾಲುವಷ್ಟು. ಮಂಗಳೂರು ಬಳಿಯ ಬೈಕಂಪಾಡಿಯ ಇನ್ನೊಬ್ಬರು ಶೇ. 6 ಹೆಚ್ಚು ದರಕ್ಕೆ ಒಪ್ಪಿದರು, ಅವರಲ್ಲಿ ಪೌಚ್ ಮಾಡುವ ಪ್ಲಾಸ್ಟಿಕ್ ಫಿಲ್ಮ್ ಕೂಡ ಇತ್ತು. ಆದರೆ ಗ್ರೇವ್ಯೂರ್ ಮುದ್ರಣಕ್ಕೆ ಬಣ್ಣಕ್ಕೊಂದರಂತೆ ಕೆತ್ತಿದ ಸಿಲಿಂಡರ್ ಬೇಕು. ನಮ್ಮ ಆರು ಸಿಲಿಂಡರ್‌ಗಳು, ದುಡ್ಡು ಕೊಟ್ಟು ಮಾಡಿಸಿದವರು ನಾವೇ ಆದರೂ, ಸುಟ್ಟ ಕಟ್ಟಡದೊಳಗೆ ಇದ್ದವು. ವಿಮೆಯ ಸರ್ವೇಯರ್ ನೋಡಿ ಮುಗಿಸುವ ತನಕ ಒಂದನ್ನೂ ಹೊರಗೆ ತರುವಂತಿರಲಿಲ್ಲ. ಹೊಸದಾಗಿ ಕೆತ್ತಿಸಿ, ಪ್ರೂಫ್ ನೋಡಿ, ಸೀಲ್ ಮಾಡಿದ ಪೌಚನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ಪರೀಕ್ಷಿಸುವಷ್ಟರಲ್ಲಿ 19 ದಿನ ಕಳೆಯಿತು. ಏಳು ದಿನ ಪ್ಯಾಕಿಂಗ್ ನಿಂತಿತು.

1997ರ ಫೆಬ್ರವರಿ 1ರಂದು ಜಪಾನಿನ ಐಸಿನ್ ಕಂಪನಿಯ ಕರಿಯಾ ಕಾರ್ಖಾನೆ ಸುಟ್ಟಾಗ ಟೊಯೋಟಾ ಅನುಭವಿಸಿದ್ದೂ ಇಂಥದ್ದೇ. ಬ್ರೇಕಿನ ಒಂದು ಸಣ್ಣ ವಾಲ್ವ್ ಹೆಚ್ಚುಕಡಿಮೆ ಪೂರ್ತಿಯಾಗಿ ಅಲ್ಲಿಂದಲೇ ಬರುತ್ತಿತ್ತು. ನಕ್ಷೆ ಪಡೆದು ಮಾಡಿಕೊಡಲು ಬೇರೆ ಕಂಪನಿಗಳು ಮುಂದೆ ಬಂದವು, ಆದರೆ ಅದಕ್ಕೆಂದೇ ಇದ್ದ ಯಂತ್ರೋಪಕರಣಗಳು ಬೆಂಕಿಗೆ ಹೋಗಿದ್ದವು.

ಈಗ ನಮ್ಮ ಪಟ್ಟಿಯಲ್ಲಿ ಇನ್ನೆರಡು ಕಾಲಂಗಳಿವೆ: ಮಾಲು ನಿಂತರೆ ನಾವು ಎಷ್ಟು ದಿನ ತಾಳುತ್ತೇವೆ, ಬೇರೆ ಕಡೆಯಿಂದ ಬರಲು ಎಷ್ಟು ದಿನ ಬೇಕು. ಎರಡನೆಯ ಸಂಖ್ಯೆ ದೊಡ್ಡದಾದ ವಸ್ತುವಿಗೆ ಮಾತ್ರ ಇಬ್ಬರು ಸಪ್ಲೈಯರ್ ಬೇಕು. ರಟ್ಟಿನ ಪೆಟ್ಟಿಗೆಯನ್ನು ಯಾರು ಬೇಕಾದರೂ ಮೂರು ದಿನದಲ್ಲಿ ಕೊಡುತ್ತಾರೆ. ಅದಕ್ಕೆ ಒಬ್ಬರೇ ಸಾಕು.

ಪೌಚ್ ಖರೀದಿಯನ್ನು 70:30ರಂತೆ ಹಂಚಿದೆವು. ವರ್ಷದ 40 ಲಕ್ಷದ ಖರೀದಿಯಲ್ಲಿ 12 ಲಕ್ಷಕ್ಕೆ ಶೇ. 6 ಹೆಚ್ಚೆಂದರೆ 72,000 ರೂಪಾಯಿ. ಮಾಲಕರು, "ಎರಡನೆಯವರಿಗೆ ಖರೀದಿಯ ಶೇ. 5 ಮಾತ್ರ ಕೊಟ್ಟು ಸಂಬಂಧ ಇಟ್ಟುಕೊಂಡರೆ ಸಾಲದೋ?" ಎಂದು ಕೇಳಿದರು. ಸಾಲದು, ಏಕೆಂದರೆ ವರ್ಷಕ್ಕೊಮ್ಮೆ ನಮ್ಮ ಕೆಲಸ ಮಾಡುವ ಆಪರೇಟರನಿಗೆ ನಮ್ಮ ಸೆಟ್ಟಿಂಗ್ ನೆನಪಿರುವುದಿಲ್ಲ, ಮತ್ತು ಅವಘಡವಾದ ದಿನ ಎಲ್ಲರೂ ಅಲ್ಲಿಗೇ ಓಡುವಾಗ ನಾವು ಸಾಲಿನ ಕೊನೆಯಲ್ಲಿರುತ್ತೇವೆ. ಎರಡನೇ ಸೆಟ್ ಸಿಲಿಂಡರ್ ಈಗ ಬೈಕಂಪಾಡಿಯಲ್ಲಿದೆ.

ಇಷ್ಟೆಲ್ಲ ಆದ ಮೇಲೆ, ಫಿಲ್ಮ್ ಎಲ್ಲಿಂದ ತರುತ್ತೀರಿ ಎಂದು ಇಬ್ಬರನ್ನೂ ಕೇಳಿದೆ. ಇಬ್ಬರದೂ ಒಂದೇ ಮಿಲ್. ಫಿಲ್ಮನ್ನು ತಿಂಗಳುಗಟ್ಟಲೆ ಕೂಡಿಡೋಣವೆಂದರೆ, ಶಾಯಿ ಹಿಡಿಯಲೆಂದು ಅದರ ಮೇಲ್ಮೈಗೆ ಕೊಟ್ಟ ಕೊರೋನಾ ಟ್ರೀಟ್‌ಮೆಂಟ್ ದಿನ ಕಳೆದಂತೆ ಕುಗ್ಗುತ್ತದೆ. ಸದ್ಯಕ್ಕೆ ಮೂರು ವಾರದ ರೋಲುಗಳನ್ನು ಇಬ್ಬರಲ್ಲೂ ಇರಿಸಿ, ಹಳೆಯದನ್ನು ಮೊದಲು ಬಳಸಿಸುತ್ತಿದ್ದೇನೆ. ಬೇರೆ ಮಿಲ್ಲಿನ ಫಿಲ್ಮ್‌ನ ಮೊದಲ ಸ್ಯಾಂಪಲ್ ಸೀಲ್ ಪರೀಕ್ಷೆಯಲ್ಲಿ ಸೋತಿದೆ.