ಫ್ರಿಜ್ಜಿನೊಳಗೊಂದು ನಂದಾದೀಪ

ನಮ್ಮ ಮನೆಯ ಫ್ರಿಜ್ಜಿನ ಆರೋಗ್ಯ ತಿಳಿಯಲು ಥರ್ಮಾಮೀಟರ್ ಬೇಕಿರಲಿಲ್ಲ, ದೋಸೆ ಹಿಟ್ಟು ಸಾಕಿತ್ತು. ರುಬ್ಬಿ, ರಾತ್ರಿಯೆಲ್ಲ ಹೊರಗಿಟ್ಟು ಹುದುಗು ಬರಿಸಿ, ಬೆಳಿಗ್ಗೆ ಒಳಗಿಟ್ಟರೆ ನಾಲ್ಕು ದಿನ ಅದು ಮಿಸುಕದೆ ಇರುತ್ತಿತ್ತು. ಕಳೆದ ಬೇಸಿಗೆಯಲ್ಲಿ ಒಂದು ದಿನ ಬಾಗಿಲು ತೆರೆದರೆ ಹಿಟ್ಟು ಪಾತ್ರೆಯ ಮುಚ್ಚಳವನ್ನು ತಲೆಯ ಮೇಲೆ ಹೊತ್ತು ನಿಂತಿತ್ತು. ಮರುದಿನ ಕೆಳಗಿನ ಅಂತಸ್ತಿನಲ್ಲಿದ್ದ ಬದನೆಕಾಯಿಗೆ ಅಭಿಷೇಕವೂ ಆಯಿತು.

ಅಮ್ಮನ ವಿಚಾರಣೆ ಶುರುವಾಯಿತು. ಮೊದಲ ಆರೋಪಿ ಉದ್ದಿನಬೇಳೆ, ಎರಡನೆಯವಳು ನನ್ನ ಹೆಂಡತಿ. ಹಾಲು ಒಡೆದಾಗ ಹಾಲಿನವನೂ ಕಟಕಟೆ ಹತ್ತಿದ. ಫ್ರಿಜ್ಜಿನ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಏಕೆಂದರೆ ಮೇಲಿನ ಫ್ರೀಜರಿನಲ್ಲಿ ಐಸು ಕಲ್ಲಿನಂತೆ ಕಟ್ಟುತ್ತಿತ್ತು. ಐಸು ಕಟ್ಟುವ ಫ್ರಿಜ್ಜು ಕೆಟ್ಟಿದೆ ಎನ್ನುವುದು ಹೇಗೆ?

ನಾನು ಗಂಡಸರ ಸಹಜ ಬುದ್ಧಿಯಿಂದ ಗುಂಡಿಯನ್ನು ಮೂರರಿಂದ ಆರಕ್ಕೆ ತಿರುಗಿಸಿದೆ. ಅಂದಿನಿಂದ ಕಂಪ್ರೆಸರ್ ಉಸಿರು ತೆಗೆದುಕೊಳ್ಳಲೂ ನಿಲ್ಲದೆ ಗುರ್ರೆನ್ನತೊಡಗಿತು. ಫ್ರೀಜರಿನಲ್ಲಿ ಹಿಮದ ಗುಡ್ಡ ಬೆಳೆಯಿತು. ಹಿಟ್ಟು ತನ್ನ ಪಾಡಿಗೆ ತಾನು ಉಕ್ಕುತ್ತಲೇ ಇತ್ತು. ಪಕ್ಕದ ಮನೆಯವರು ಒಳಬಂದು ನೋಡಿ, "ಗ್ಯಾಸು ಹೋಗಿದೆ" ಎಂದು ತೀರ್ಪು ಕೊಟ್ಟರು. ನಮ್ಮಲ್ಲಿ ಫ್ರಿಜ್ಜಿಗೆ ಏನೇ ಆದರೂ ಗ್ಯಾಸೇ ಹೋಗಿರುತ್ತದೆ, ಮನುಷ್ಯನಿಗೆ ಏನೇ ಆದರೂ ಪಿತ್ತ ಹೆಚ್ಚಾಗಿರುವಂತೆ.

ನಿಜ ಬಯಲಾದದ್ದು ಒಂದು ಬೆಳಿಗ್ಗೆ ಐದು ಗಂಟೆಗೆ. ಕಾಫಿಗೆ ಹಾಲು ತೆಗೆಯಲು ಹೋದಾಗ ಮುಂಗೈ ಬಲ್ಬಿಗೆ ತಾಗಿ ಚುರ್ರೆಂದಿತು. ಬಲ್ಬಿನ ಪ್ಲಾಸ್ಟಿಕ್ ಕವಚ ಎಂದೋ ಒಡೆದು ಹೋಗಿತ್ತು, ಅದೂ ನನ್ನದೇ ಕೈಕೆಲಸ. ಕೈಯನ್ನು ನಲ್ಲಿಯ ಕೆಳಗೆ ಹಿಡಿದು ನಿಂತಾಗ ತಲೆಯಲ್ಲೂ ದೀಪ ಹತ್ತಿತು. ರಾತ್ರಿ ಹತ್ತರಿಂದ ಯಾರೂ ಬಾಗಿಲು ತೆರೆದಿಲ್ಲ. ತೆರೆದ ಎರಡು ಸೆಕೆಂಡಿನಲ್ಲಿ ಬಲ್ಬು ಇಷ್ಟು ಕಾಯುವುದು ಸಾಧ್ಯವಿಲ್ಲ. ಅಂದರೆ ಇದು ರಾತ್ರಿಯಿಡೀ ಉರಿದಿದೆ!

ಬಾಗಿಲು ಹಾಕಿದ ಮೇಲೆ ಒಳಗಿನ ದೀಪ ಆರುತ್ತದೆಯೇ ಎಂಬುದು ನನ್ನ ಬಾಲ್ಯದ ದೊಡ್ಡ ತಾತ್ವಿಕ ಪ್ರಶ್ನೆಯಾಗಿತ್ತು. ನಲವತ್ತಾರನೆಯ ವಯಸ್ಸಿನಲ್ಲಿ ಅದನ್ನು ಬಗೆಹರಿಸಲು ಮೊಬೈಲಿನ ವಿಡಿಯೊ ಚಾಲೂ ಮಾಡಿ, ಕೊತ್ತಂಬರಿ ಕಟ್ಟಿಗೆ ಒರಗಿಸಿಟ್ಟು ಬಾಗಿಲು ಹಾಕಿದೆ. ಒಂದು ನಿಮಿಷ ಸಾಕಿತ್ತು. ಆದರೆ ಅಷ್ಟರಲ್ಲೇ ಊರಿನಿಂದ ಚಿಕ್ಕಮ್ಮ ಫೋನು ಮಾಡಿದರು. "ಫ್ರಿಜ್ಜಿನೊಳಗೆ ಏನೋ ಹಾಡುತ್ತಿದೆಯಲ್ಲೋ" ಎಂದು ಅಮ್ಮ ದೇವರ ಮನೆಯಿಂದ ಎದ್ದು ಬಂದರು. ಚಿಕ್ಕಮ್ಮನ ಮಾತು ಮುಗಿದ ಮೇಲೆ ವಿಡಿಯೊ ನೋಡಿದೆವು. ಮುಚ್ಚಿದ ಬಾಗಿಲಿನ ಹಿಂದೆ ಅರ್ಧ ಹೋಳು ತೆಂಗಿನಕಾಯಿ ಹಾಡುಹಗಲಿನಂತೆ ಬೆಳಗುತ್ತಿತ್ತು.

"ಇಷ್ಟು ಪುಟ್ಟ ದೀಪಕ್ಕೆ ಹಾಲು ಒಡೆಯುತ್ತದೆಯೇನ್ರೀ?" ಎಂದು ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ನಮ್ಮದು ಹನ್ನೆರಡು ವರ್ಷದ ಹಳೆಯ ಒಂಟಿ ಬಾಗಿಲಿನ ಫ್ರಿಜ್ಜು, ಒಳಗೆ 15 ವಾಟಿನ ತಂತಿ ಬಲ್ಬು. ಅದು ನುಂಗುವ ವಿದ್ಯುತ್ತಿನಲ್ಲಿ ಬಹುಪಾಲು ನೇರವಾಗಿ ಶಾಖವಾಗುತ್ತದೆ. ಉಳಿದ ಚೂರು ಬೆಳಕೂ ಮುಚ್ಚಿದ ಪೆಟ್ಟಿಗೆಯಿಂದ ಹೊರಗೆ ಹೋಗುವುದೆಲ್ಲಿಗೆ? ತೆಂಗಿನಕಾಯಿಗೆ, ಗೋಡೆಗೆ ಬಡಿದು ಅದೂ ಶಾಖವೇ ಆಗುತ್ತದೆ. ನಮ್ಮಂಥ ಫ್ರಿಜ್ಜಿನ ಗೋಡೆಗಳ ಮೂಲಕ ಹೊರಗಿನಿಂದ ನುಸುಳುವ ಶಾಖವೇ ಸುಮಾರು 35–40 ವಾಟು. ಅದರ ಜೊತೆಗೆ ಈ ಹದಿನೈದು ಸೇರಿದರೆ, ಇಬ್ಬರು ಕೂರುವ ಸ್ಕೂಟರಿಗೆ ಮೂರನೆಯವನು ಹತ್ತಿದಂತೆ.

ಹಾಗಿದ್ದರೂ ಐಸು ಏಕೆ ಕರಗಲಿಲ್ಲ? ಈ ಬಗೆಯ ಫ್ರಿಜ್ಜಿನಲ್ಲಿ ಥರ್ಮೋಸ್ಟಾಟಿನ ಮೂಗು ಇರುವುದು ಫ್ರೀಜರಿನ ಲೋಹದ ಗೋಡೆಗೆ ಅಂಟಿಕೊಂಡು. ಅಲ್ಲಿ ತಣ್ಣಗಾಯಿತೆಂದರೆ ಅದಕ್ಕೆ ತೃಪ್ತಿ, ಕೆಳಗಿನ ಹಾಲಿನ ಗತಿ ಅದಕ್ಕೆ ತಿಳಿಯುವುದಿಲ್ಲ. ಕೆಳಗಿನ ಶಾಖ ಗಾಳಿಯ ಜೊತೆ ತಾನಾಗಿಯೇ ಮೇಲೇರಿ ಫ್ರೀಜರಿಗೆ ತಲುಪಬೇಕು. ಹೆಚ್ಚು ಶಾಖ ಹಾಗೆ ಸಾಗಬೇಕಾದರೆ ಕೆಳಗಿನ ಕೋಣೆ ಇನ್ನಷ್ಟು ಬೆಚ್ಚಗಾಗಲೇಬೇಕು. ಲೋಟದ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ. ಐದು ಡಿಗ್ರಿಯ ಆಸುಪಾಸಿನಲ್ಲಿರಬೇಕಾದದ್ದು ಬಲ್ಬಿನ ಕೆಳಗಿನ ಅಂತಸ್ತಿನಲ್ಲಿ 12 ತೋರಿಸಿತು. ಕರೆಂಟಿನ ಲೆಕ್ಕ ಬೇರೆ. ಬಲ್ಬೊಂದೇ ದಿನಕ್ಕೆ 0.36 ಯೂನಿಟ್ ತಿನ್ನುತ್ತದೆ, ಅದು ಚೆಲ್ಲಿದ ಶಾಖವನ್ನು ಹೊರಹಾಕಲು ಕಂಪ್ರೆಸರ್ ಇನ್ನಷ್ಟು ತಿನ್ನುತ್ತದೆ. ಒಲೆ ಹಚ್ಚಿದ್ದಕ್ಕೂ ದುಡ್ಡು, ಅದನ್ನು ಆರಿಸಿದ್ದಕ್ಕೂ ದುಡ್ಡು.

ಪ್ಲಗ್ ಕಿತ್ತು, ಬಲ್ಬು ಆರಿದ ಮೇಲೆ ತಿರುಗಿಸಿ ತೆಗೆದಿಟ್ಟೆ. ಮರುದಿನ ಬೆಳಿಗ್ಗೆ ಥರ್ಮಾಮೀಟರ್ ಐದಕ್ಕೆ ಇಳಿದಿತ್ತು. ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ರಾತ್ರಿ ಮೊಸರೆಂದುಕೊಂಡು ಇಡ್ಲಿ ಹಿಟ್ಟನ್ನು ಅನ್ನಕ್ಕೆ ಸುರಿದುಕೊಂಡ ಮೇಲೆ ದುರಸ್ತಿಗೆ ಇಳಿಯಲೇಬೇಕಾಯಿತು.

ಬಲ್ಬನ್ನು ಮತ್ತೆ ಹಾಕಿ, ಬಾಗಿಲ ಪಕ್ಕದ ಪುಟ್ಟ ಸ್ವಿಚ್ಚನ್ನು ಬೆರಳಿನಿಂದ ಒತ್ತಿದೆ. ಪೂರ್ತಿ ಒತ್ತಿದರೂ ದೀಪ ಆರದಿದ್ದರೆ ಸ್ವಿಚ್ಚೇ ಸತ್ತಿದೆ ಎಂದರ್ಥ. ನಮ್ಮದು ಆರಿತು, ಆದರೆ ಕೊನೆಯ ಅಂಚಿಗೆ ಒತ್ತಿದಾಗ ಮಾತ್ರ. ಸ್ವಿಚ್ಚು ಸರಿಯಿದೆ, ಬಾಗಿಲು ಅದನ್ನು ಅಷ್ಟು ದೂರ ಒತ್ತುತ್ತಿಲ್ಲ. ಸರಿ, ಮಗನ ಕಂಪಾಸ್ ಪೆಟ್ಟಿಗೆಯಿಂದ ರಬ್ಬರು ಕದ್ದು, ಸ್ವಿಚ್ಚು ತಾಗುವ ಕಡೆ ಬಾಗಿಲಿಗೆ ಅಂಟಿಸಿದೆ. ದೀಪ ಆರಿತು. ಸಂಜೆಯ ಹೊತ್ತಿಗೆ ಫ್ರಿಜ್ಜಿನ ಮುಂದೆ ನೀರಿನ ಮಡು. ರಬ್ಬರು ದಪ್ಪವಾಗಿ ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ. ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆದರೆ ಬಿಗಿ ಸಿಗದೆ ಸಲೀಸಾಗಿ ಜಾರಿ ಬರುತ್ತಿತ್ತು. ಹದಿನೈದು ವಾಟನ್ನು ಓಡಿಸಲು ಹೋಗಿ ಇಡೀ ಬೇಸಿಗೆಯನ್ನೇ ಒಳಗೆ ಕರೆದಿದ್ದೆ.

ಕೊನೆಗೆ ಬಂದ ಮೆಕ್ಯಾನಿಕ್ ಸ್ವಿಚ್ಚಿನ ಕಡೆ ನೋಡಲೇ ಇಲ್ಲ. ಬಾಗಿಲನ್ನು ಕೆಳಗಿನಿಂದ ಹಿಡಿದು ಮೇಲಕ್ಕೆತ್ತಿದರು, ಅದು ಸಡಿಲ ಹಲ್ಲಿನಂತೆ ಅಲ್ಲಾಡಿತು. "ಬಾಗಿಲಿನಲ್ಲಿ ಎಷ್ಟು ನೀರಿನ ಬಾಟಲಿ ಇಡುತ್ತೀರಿ ಸಾರ್?" ಎಂದು ಕೇಳಿದರು. ಎರಡೆರಡು ಲೀಟರಿನ ನಾಲ್ಕು. ಎಂಟು ಕಿಲೋ ಭಾರಕ್ಕೆ ಕೆಳಗಿನ ಕೀಲಿನ ಪ್ಲಾಸ್ಟಿಕ್ ಬುಷ್ ಸವೆದು, ಬಾಗಿಲು ಜೋತುಬಿದ್ದಿತ್ತು. ಬುಷ್ ಬದಲಿಸಿ, ಬಾಗಿಲು ನೆಟ್ಟಗೆ ಮಾಡಿ, ನನ್ನ ರಬ್ಬರನ್ನು ಎರಡು ಬೆರಳಿನಲ್ಲಿ ಸತ್ತ ಜಿರಳೆಯಂತೆ ಹಿಡಿದು ಕೊಟ್ಟರು. ಹೊಸ ಎಲ್‌ಇಡಿ ದೀಪದ ಫ್ರಿಜ್ಜುಗಳಲ್ಲಿ ದೀಪದ ಶಾಖ ಲೆಕ್ಕಕ್ಕಿಲ್ಲವಂತೆ. ಆದರೆ ಫ್ಯಾನಿರುವ ಎಷ್ಟೋ ಫ್ರಿಜ್ಜುಗಳಲ್ಲಿ ಬಾಗಿಲು ತೆರೆದಿದೆ ಎಂದು ಸ್ವಿಚ್ಚು ಸುಳ್ಳು ಹೇಳಿದರೆ ಫ್ಯಾನೇ ನಿಂತುಬಿಡುತ್ತದೆ, ಆಗಲೂ ಕೆಳಗಿನ ಹಾಲಿಗೆ ಇದೇ ಗತಿ ಎಂದರು.

ಎಲ್ಲವೂ ಸರಿಹೋಯಿತೆಂದು ಮರುದಿನ ಬೆಳಿಗ್ಗೆ ತಟ್ಟೆ ಹಿಡಿದು ಕುಳಿತೆ. ಬಂದದ್ದು ಚಪ್ಪಟೆಯಾಗಿ, ತೂತಿಲ್ಲದೆ, ಚರ್ಮದಂತಿದ್ದ ದೋಸೆ. ಅಮ್ಮ ಸೌಟು ಹಿಡಿದು ಕೆಂಡವಾಗಿದ್ದರು. ತಿಂಗಳಿನಿಂದ ಫ್ರಿಜ್ಜಿನೊಳಗೇ ಹಿಟ್ಟು ಹುಳಿಯುತ್ತಿದ್ದದ್ದು ಅಭ್ಯಾಸವಾಗಿ, ರಾತ್ರಿ ರುಬ್ಬಿದ ಕೂಡಲೇ ಒಳಗಿಟ್ಟು ಮಲಗಿದ್ದರಂತೆ.

"ಚೆನ್ನಾಗಿದ್ದ ಫ್ರಿಜ್ಜನ್ನು ದುಡ್ಡು ಕೊಟ್ಟು ಕೆಡಿಸಿದೆಯಲ್ಲೋ!"